ಬರುವ ಸೋಮವಾರದಿಂದ ಬದಲಾಗುವ ಸಮಯ ಮತ್ತು ಕೆಲಸದ ವಾರ

ಅಂಗಡಿಯ ಎಲ್ಲರಿಗೂ ನಮಸ್ಕಾರ.

ಶಾಲೆ ಶುರುವಾಗುವ ಗದ್ದಲ ಮುಗಿದ ಮೇಲೆ ನಮ್ಮಲ್ಲಿ ವ್ಯಾಪಾರ ಇಳಿಯುವುದು ಹೊಸದೇನಲ್ಲ. ಈ ಸಲ ಮಾತ್ರ ಹೆಚ್ಚೇ ಇಳಿದಿದೆ. ನೋಟ್‌ಬುಕ್ಕಿನ ಕಟ್ಟುಗಳು ಗೋದಾಮಿನಲ್ಲಿ ಬಿಚ್ಚದೆ ಕೂತಿವೆ. ಸಂಜೆ ಏಳರ ಮೇಲೆ ಬರುವವರು ಪೆನ್ನೋ ರಬ್ಬರೋ ಕೊಂಡು ಹೋಗುವ ನಾಲ್ಕೈದು ಜನ, ಅಷ್ಟೇ. ಮುಂದಿನ ಒಂಬತ್ತು ವಾರ ಹೀಗೇ ಇರುತ್ತದೆಂದು ಲೆಕ್ಕ ಹಾಕಿದ್ದೇನೆ.

ಈ ಅವಧಿಯನ್ನು ದಾಟಲು ಒಬ್ಬರ ಸಂಬಳದಷ್ಟು ಹಣ ಉಳಿಯಬೇಕು. ಒಬ್ಬರನ್ನು ಮನೆಗೆ ಕಳಿಸಿದರೆ ಲೆಕ್ಕ ಸರಿಹೋಗುತ್ತದೆ, ಆದರೆ ನನಗೆ ಅದು ಬೇಡ. ಯಾರನ್ನೂ ತೆಗೆಯುವುದಿಲ್ಲ. ಹೊರೆಯನ್ನು ಆರೂ ಜನರಿಗೆ ಸಮನಾಗಿ ಹಂಚಿದ್ದೇನೆ.

ಸೋಮವಾರದಿಂದ ಅಂಗಡಿ ಬೆಳಿಗ್ಗೆ 10ಕ್ಕೆ ತೆರೆದು ಸಂಜೆ 7ಕ್ಕೆ ಮುಚ್ಚುತ್ತದೆ. ಹೀಗೆ ಕಡಿಮೆಯಾಗುವ ಗಂಟೆಗಳಿಗೆ ಸಂಬಳದಲ್ಲಿ ಏನೂ ಹಿಡಿಯುವುದಿಲ್ಲ. ಕೌಂಟರಿನವರು ಒಬ್ಬರು, ಗೋದಾಮಿನವರು ಒಬ್ಬರು ಸೇರಿ ಮೂರು ಜೋಡಿ ಮಾಡಿದ್ದೇನೆ. ಪ್ರತಿ ವಾರ ಒಂದು ಜೋಡಿಗೆ ಮೂರೇ ದಿನ ಕೆಲಸ: ಗುರುವಾರ, ಶುಕ್ರವಾರ, ಶನಿವಾರ. ಉಳಿದ ಎರಡು ಜೋಡಿಗಳಿಗೆ ಎಂದಿನಂತೆ ಆರು ದಿನ. ಶನಿವಾರ ಜನ ಬರುತ್ತಾರೆ, ಅಂದು ಎಲ್ಲರೂ ಇರಬೇಕು. ಭಾನುವಾರದ ರಜೆ ಸೇರಿಸಿದರೆ ಬಿಡುವಿನ ಜೋಡಿಗೆ ಒಟ್ಟಿಗೆ ನಾಲ್ಕು ದಿನ ಸಿಗುತ್ತದೆ. ಆ ದಿನಗಳಲ್ಲಿ ಬೇರೆ ಕಡೆ ಕೆಲಸ ಮಾಡಿದರೆ ನನ್ನ ಆಕ್ಷೇಪವಿಲ್ಲ.

ಒಂಬತ್ತು ವಾರದಲ್ಲಿ ಪ್ರತಿಯೊಬ್ಬರ ಪಾಲಿಗೂ ಇಂಥ ವಾರ ಮೂರು ಸಲ ಬರುತ್ತದೆ, ಅಂದರೆ ಒಟ್ಟು ಒಂಬತ್ತು ದಿನದ ಸಂಬಳ ಕಡಿತ. ಇದು ಸಣ್ಣ ಮೊತ್ತವಲ್ಲ, ನನಗೆ ಗೊತ್ತು. ಬಾಡಿಗೆ, ಮಕ್ಕಳ ಫೀಸು ಯಾರಿಗೂ ನಿಲ್ಲುವುದಿಲ್ಲ. ಆದ್ದರಿಂದ ಒಂದೇ ವಾರದಲ್ಲಿ ಮೂರು ದಿನದ್ದು ಹಿಡಿಯದೆ ವಾರಕ್ಕೆ ಒಂದು ದಿನದಂತೆ ಹಿಡಿಯುತ್ತೇನೆ. ಮುಂಗಡ ಪಡೆದವರ ಕಂತನ್ನು ಈ ಒಂಬತ್ತು ವಾರ ನಿಲ್ಲಿಸಿದ್ದೇನೆ. ನಾನೂ ಈ ಅವಧಿಯಲ್ಲಿ ಮನೆಖರ್ಚಿಗೆಂದು ಅಂಗಡಿಯಿಂದ ಅರ್ಧ ಮಾತ್ರ ತೆಗೆದುಕೊಳ್ಳುತ್ತೇನೆ.

ದೊಡ್ಡ ಆರ್ಡರ್ ಬಂದು ಬಿಡುವಿನಲ್ಲಿದ್ದವರನ್ನು ಕರೆಸಿದರೆ, ಎರಡು ಗಂಟೆಯ ಕೆಲಸವಾದರೂ ಪೂರ್ತಿ ದಿನದ ಸಂಬಳ ಕೊಡುತ್ತೇನೆ. ಬರಲಾಗದಿದ್ದರೆ ಬರಬೇಕಿಲ್ಲ. ವಾರ ಅದಲು ಬದಲು ಮಾಡಿಕೊಳ್ಳುವವರು ನಿಮ್ಮನಿಮ್ಮಲ್ಲೇ ಮಾತಾಡಿಕೊಂಡು ಹಿಂದಿನ ಶುಕ್ರವಾರದೊಳಗೆ ನನಗೆ ತಿಳಿಸಿ.

ಆರನೇ ವಾರದ ಶನಿವಾರ ಅಂಗಡಿ ಮುಚ್ಚಿದ ಮೇಲೆ ಎಲ್ಲರೂ ಕೂರೋಣ. ಮಾರಾಟದ ಪುಸ್ತಕ ನಿಮ್ಮ ಮುಂದಿಡುತ್ತೇನೆ. ವ್ಯಾಪಾರ ಚೇತರಿಸಿದ್ದರೆ ಮರು ಸೋಮವಾರದಿಂದಲೇ ಹಳೆಯ ಕ್ರಮ. ಇಲ್ಲವಾದರೆ ಮುಂದೇನೆಂದು ಅಂದೇ ಹೇಳುತ್ತೇನೆ, ಕೊನೇ ಗಳಿಗೆಗೆ ಬಿಡುವುದಿಲ್ಲ.

ಯಾವ ವಾರ ಯಾರದು ಎಂಬ ಪಟ್ಟಿಯನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಅಂಟಿಸಿದ್ದೇನೆ. ಈ ಕಡಿತ ಮನೆಯಲ್ಲಿ ತೂಗಿಸಲಾಗದು ಅನಿಸಿದವರು ಶನಿವಾರದೊಳಗೆ ನನ್ನ ಹತ್ತಿರ ಒಬ್ಬರೇ ಬಂದು ಮಾತಾಡಿ. ಆ ಮಾತು ನಮ್ಮಿಬ್ಬರಲ್ಲೇ ಇರುತ್ತದೆ.

ಇಂತಿ,
ಅಂಗಡಿಯ ಮಾಲೀಕ