ನಮ್ಮ ಅಂಗಡಿಗೆ ಹೊಸ ಹೆಸರು: ಇನ್ನು ಮುಂದೆ ‘ಹಾಳೆಮನೆ’

ನಮಸ್ಕಾರ,

ಸಾಗರದ ನಮ್ಮ ‘ಪ್ಲಾಸ್ಟಿಕ್ ಸೆಂಟರ್’ ಬೋರ್ಡನ್ನು ಈ ಸೋಮವಾರ ಇಳಿಸಿದ್ದೇವೆ. ಇನ್ನು ಮುಂದೆ ನಮ್ಮ ಹೆಸರು ‘ಹಾಳೆಮನೆ’.

ಅಪ್ಪ ಅಂಗಡಿ ಶುರು ಮಾಡಿದಾಗ ಬಕೆಟ್ಟು, ಕೊಡ, ಮದುವೆಮನೆಯ ತಟ್ಟೆ ಲೋಟ ಎಲ್ಲವೂ ಪ್ಲಾಸ್ಟಿಕ್ಕೇ. ಆಗ ಆ ಹೆಸರು ಸರಿಯಾಗಿಯೇ ಇತ್ತು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧ ಬಂತು. ನಾವು ಅದಕ್ಕೂ ಮೊದಲೇ ಅಡಿಕೆ ಹಾಳೆಯ ತಟ್ಟೆಗೆ ತಿರುಗಿದ್ದೆವು. ಸಮಾರಂಭ ಮುಗಿದ ಮರುದಿನ ಚರಂಡಿಯಲ್ಲಿ ನಮ್ಮದೇ ಲೋಟಗಳು ತೇಲುವುದನ್ನು ನೋಡಿ ಅಪ್ಪನಿಗೆ ತುಂಬಾ ಬೇಜಾರಾಗಿತ್ತು.

ಈಗ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ಊರವರಿಂದಲೇ ಕೊಳ್ಳುತ್ತೇವೆ. ನೀರಲ್ಲಿ ನೆನೆಸಿ, ಉಜ್ಜಿ ತೊಳೆದು, ಬಿಸಿ ಅಚ್ಚಿಗೆ ಒತ್ತುತ್ತೇವೆ. ಅಚ್ಚು ಎತ್ತಿದಾಗ ಹಬೆಯ ಜೊತೆ ಬರುವ ಆ ಒಣಹಾಳೆಯ ವಾಸನೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಇಂಥ ಅಂಗಡಿಯ ಮೇಲೆ ‘ಪ್ಲಾಸ್ಟಿಕ್’ ಅಂತ ಬರೆದಿರುವುದು ನಮಗೇ ಸರಿ ಕಾಣಲಿಲ್ಲ. ಹೆಸರು ನೋಡಿಯೇ ಎಷ್ಟೋ ಜನ ವಾಪಸ್ ಹೋಗುತ್ತಿದ್ದರು.

ಜಾಗ, ಫೋನ್ ನಂಬರ್, ಜಿಎಸ್‌ಟಿ ನಂಬರ್ ಯಾವುದೂ ಬದಲಾಗಿಲ್ಲ. ಮೊದಲೇ ಕೊಟ್ಟ ಆರ್ಡರ್, ಅಡ್ವಾನ್ಸ್ ಹಾಗೇ ಇರುತ್ತದೆ. ಬ್ಯಾಂಕ್ ಖಾತೆಯಲ್ಲಿ ಮಾತ್ರ ಇನ್ನೂ ಸ್ವಲ್ಪ ದಿನ ಹಳೆ ಹೆಸರೇ ಕಾಣುತ್ತದೆ, ಗಾಬರಿಯಾಗಬೇಡಿ. ಹೆಸರು ಬದಲಾಗಿದೆ ಎಂದು ಹೇಳಿ ಯಾರಾದರೂ ಬೇರೆ ಖಾತೆಗೆ ದುಡ್ಡು ಹಾಕಿ ಅಂದರೆ ಹಾಕಬೇಡಿ, ನಮಗೆ ಫೋನ್ ಮಾಡಿ.

ಮದುವೆ, ಗೃಹಪ್ರವೇಶದ ತಟ್ಟೆಗಳಿಗೆ ಹದಿನೈದು ದಿನ ಮುಂಚೆ ಹೇಳಿದರೆ ಅನುಕೂಲ. ಮಳೆಗಾಲದಲ್ಲಿ ಹಾಳೆ ಒಣಗುವುದು ನಿಧಾನ.

ಸಾಗರದ ಕಡೆ ಬಂದಾಗ ಅಂಗಡಿಗೆ ಬನ್ನಿ.

ಪ್ರೀತಿಯಿಂದ,
ಅಪ್ಪ, ಮಗಳು ಮತ್ತು ಹಾಳೆಮನೆ ಬಳಗ