ಅಪಾಯಿಂಟ್‌ಮೆಂಟ್ ರದ್ದು ಮತ್ತು ಮರುತಪಾಸಣೆಯ ನೆನಪು: ರಿಸೆಪ್ಷನ್‌ನಲ್ಲಿ ಹೇಳುವ ಮಾತುಗಳು

ಮೈಸೂರಿನ ಕುವೆಂಪುನಗರದ ನಮ್ಮ ಡೆಂಟಲ್ ಕ್ಲಿನಿಕ್‌ನ ಕೌಂಟರಿನಲ್ಲಿ ಕೂರುವವರಿಗಾಗಿ ಇದನ್ನು ಬರೆದಿದ್ದೇನೆ. ಪದಕ್ಕೆ ಪದ ಒಪ್ಪಿಸಬೇಕಾಗಿಲ್ಲ, ನಿಮ್ಮ ಮಾತಿನಲ್ಲೇ ಹೇಳಿ. ಆದರೆ ದಿನ, ಗಂಟೆ, ದುಡ್ಡಿನ ಲೆಕ್ಕ ಮಾತ್ರ ಇಲ್ಲಿರುವಂತೆಯೇ ಇರಲಿ. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಹೇಳಿದರೆ ಜನ ನಮ್ಮನ್ನು ನಂಬುವುದಿಲ್ಲ.

ಮುಂದಿನ ದಿನ ಗೊತ್ತುಮಾಡುವಾಗ

"ಅಮ್ಮ, ನಿಮ್ಮ ರೂಟ್ ಕೆನಾಲ್‌ನ ಎರಡನೇ ಸಿಟ್ಟಿಂಗ್ ಬುಧವಾರ ಸಂಜೆ 5 ಗಂಟೆಗೆ. ಮುಕ್ಕಾಲು ಗಂಟೆ ಪೂರ್ತಿ ನಿಮಗೇ ಇಟ್ಟಿದ್ದೇವೆ. ಬರುವುದಕ್ಕೆ ಆಗುವುದಿಲ್ಲ ಅಂತಾದರೆ ಮಂಗಳವಾರ ಸಂಜೆ 5ರ ಒಳಗೆ ಒಂದು ಫೋನ್ ಮಾಡಿಬಿಡಿ. ಕಾರಣ ಹೇಳಲೇಬೇಕು ಅಂತೇನಿಲ್ಲ, ದುಡ್ಡೂ ಕೊಡಬೇಕಾಗಿಲ್ಲ. ಹಲ್ಲುನೋವಿನಲ್ಲಿ ಕಾಯುತ್ತಿರುವ ಬೇರೆ ಯಾರನ್ನಾದರೂ ಆ ಹೊತ್ತಿಗೆ ಕರೆಯಬಹುದು, ಅದಕ್ಕೆ ಕೇಳುತ್ತಿದ್ದೇನೆ."

ಕೊನೆಯ ವಾಕ್ಯವನ್ನು ಬಿಡಬೇಡಿ. ನಿಯಮ ಅಂದರೆ ಜನ ಮುಖ ಗಂಟಿಕ್ಕುತ್ತಾರೆ. ಇನ್ನೊಬ್ಬರ ನೋವಿನ ವಿಷಯ ಅಂದರೆ ತಕ್ಷಣ ಅರ್ಥ ಮಾಡಿಕೊಳ್ಳುತ್ತಾರೆ.

ರೂಟ್ ಕೆನಾಲ್ ಅರ್ಧಕ್ಕೆ ನಿಂತಿರುವವರಿಗೆ ಇನ್ನೂ ಒಂದು ಮಾತು ಬೇಕು. ಮೊದಲ ಸಿಟ್ಟಿಂಗ್ ಆದ ಮೇಲೆ ನೋವು ಹೋಗುತ್ತದೆ, ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ.

"ಈಗ ನೋವು ಕಡಿಮೆ ಆಗಿದೆ, ಆದರೆ ಕೆಲಸ ಮುಗಿದಿಲ್ಲ ಅಮ್ಮ. ಮೇಲೆ ಹಾಕಿರುವುದು ತಾತ್ಕಾಲಿಕ ಸಿಮೆಂಟ್. ಅದು ಸವೆದರೆ ಅಥವಾ ಬಿದ್ದುಹೋದರೆ ಎಂಜಲು ಒಳಗೆ ಇಳಿದು ಮತ್ತೆ ಸೋಂಕು ಆಗಬಹುದು. ದಿನ ಬದಲಾಯಿಸಿ ಪರವಾಗಿಲ್ಲ, ಆದರೆ ಬಿಟ್ಟುಬಿಡಬೇಡಿ."

ರೋಗಿ ಫೋನ್ ಮಾಡಿ ರದ್ದು ಮಾಡಿದರೆ

"ಫೋನ್ ಮಾಡಿ ಹೇಳಿದ್ದು ತುಂಬ ಒಳ್ಳೆಯದಾಯಿತು ಸರ್. ಬುಧವಾರದ್ದು ತೆಗೆದುಬಿಡುತ್ತೇನೆ. ಶುಕ್ರವಾರ ಬೆಳಿಗ್ಗೆ 11ಕ್ಕೆ ಅಥವಾ ಶನಿವಾರ ಸಂಜೆ 6ಕ್ಕೆ ಜಾಗ ಇದೆ. ಯಾವುದು ಅನುಕೂಲ?"

ಮೊದಲು ಥ್ಯಾಂಕ್ಸ್, ಆಮೇಲೆ ಉಳಿದ ಮಾತು. "ಯಾವಾಗ ಬರುತ್ತೀರಿ?" ಅಂತ ಕೇಳಿದರೆ "ನೋಡಿ ಹೇಳುತ್ತೇನೆ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಎರಡು ದಿನ ನಾವೇ ಮುಂದಿಡಬೇಕು.

ಜ್ವರ, ಸಾವು, ಅಪಘಾತ, ಮಗುವಿಗೆ ಹುಷಾರಿಲ್ಲ, ಇಂಥ ಕಾರಣಕ್ಕೆ ಅರ್ಧ ಗಂಟೆ ಮುಂಚೆ ಫೋನ್ ಬಂದರೂ ಇದೇ ದನಿ. "ಮೊದಲು ಮನೆ ಕಡೆ ನೋಡಿಕೊಳ್ಳಿ. ನಾಡಿದ್ದು ನಾನೇ ಫೋನ್ ಮಾಡುತ್ತೇನೆ." ಹೇಳಿದ ಮೇಲೆ ಡೈರಿಯಲ್ಲಿ ಬರೆದುಕೊಂಡು ನಿಜವಾಗಿಯೂ ಮಾಡಿ.

ಹಲ್ಲು ಕೀಳಿಸುವವರು "ಬಿಪಿ ಜಾಸ್ತಿ ಇದೆ" ಅಥವಾ "ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸಬೇಕಾ?" ಅಂತ ಕೇಳಿದರೆ ಉತ್ತರ ಕೊಡುವುದು ನಮ್ಮ ಕೆಲಸ ಅಲ್ಲ. "ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಮಾತಾಡಿಸುತ್ತೇನೆ" ಅಂತ ಹೇಳಿ ಲೈನ್ ಕೊಡಿ.

ತಡವಾದರೆ, ಬಾರದೇ ಹೋದರೆ

15 ನಿಮಿಷದವರೆಗೆ ಕಾಯುತ್ತೇವೆ. ಅದಾದ ಮೇಲೆ ಬಂದರೆ: "ಸರ್, ಈಗ ಶುರು ಮಾಡಿದರೆ ಅವಸರದಲ್ಲಿ ಮಾಡಬೇಕಾಗುತ್ತದೆ, ಅದು ನಿಮಗೇ ಒಳ್ಳೆಯದಲ್ಲ. ನೋವಿದ್ದರೆ ಡಾಕ್ಟರ್ ಒಮ್ಮೆ ನೋಡಿ ಮಾತ್ರೆ ಬರೆದುಕೊಡುತ್ತಾರೆ. ಕೆಲಸಕ್ಕೆ ನಾಳೆ ಸಂಜೆ 7ಕ್ಕೆ ಬನ್ನಿ."

ಹೇಳದೆ ಬಾರದಿದ್ದರೆ ಅದೇ ದಿನ ಫೋನ್ ಮಾಡಿ. "ಇವತ್ತು ನಿಮ್ಮ ದಾರಿ ನೋಡಿದೆವು. ಎಲ್ಲ ಆರಾಮ ತಾನೇ?" ಮೊದಲ ಸಲಕ್ಕೆ ಇಷ್ಟೇ ಸಾಕು. ದಬಾಯಿಸುವ ಹಾಗೆ ಒಂದು ಪದವೂ ಬೇಡ. ನಾಚಿಕೆಯಾದವರು ತಿರುಗಿ ಬರುವುದಿಲ್ಲ, ಹಲ್ಲು ಹಾಳಾದ ಮೇಲೇ ಬರುತ್ತಾರೆ.

ಎರಡನೇ ಸಲವೂ ಹೀಗೇ ಆದರೆ ಮಾತ್ರ ದುಡ್ಡಿನ ಮಾತು:

"ಅಮ್ಮ, ಎರಡು ಸಲ ನಿಮ್ಮ ಹೊತ್ತು ಖಾಲಿ ಹೋಯಿತು. ಹಾಗಾಗಿ ಮುಂದಿನ ಸಲ ಗೊತ್ತುಮಾಡುವಾಗ 300 ರೂಪಾಯಿ ಮುಂಗಡ ತೆಗೆದುಕೊಳ್ಳುತ್ತೇವೆ. ಅದು ದಂಡ ಅಲ್ಲ. ನೀವು ಬಂದ ದಿನ ಬಿಲ್‌ನಲ್ಲಿ ಕಳೆಯುತ್ತೇವೆ. 24 ಗಂಟೆ ಮುಂಚೆ ರದ್ದು ಮಾಡಿದರೆ ವಾಪಸ್ ಕೊಡುತ್ತೇವೆ. ರಸೀತಿಯಲ್ಲೂ ಹೀಗೇ ಬರೆದಿದೆ ನೋಡಿ."

ಕೋಪ ಮಾಡಿಕೊಂಡರೆ ವಾದ ಬೇಡ. "ನಿಮಗೆ ಬೇಜಾರಾಗಿದ್ದು ಗೊತ್ತಾಗುತ್ತದೆ. ಮುಂಗಡ ಬೇಡ ಅನ್ನಿಸಿದರೆ ಯಾವ ದಿನ ಬೇಕಾದರೂ ಬೆಳಿಗ್ಗೆ 10ಕ್ಕೆ ಬಂದು ಕೂತುಕೊಳ್ಳಿ, ನಡುವೆ ಬಿಡುವಾದಾಗ ನೋಡುತ್ತೇವೆ." ಮುಂಗಡ ಕೊಡಲಾಗದ ಬಡವರನ್ನು ಯಾವತ್ತೂ ವಾಪಸ್ ಕಳಿಸಬಾರದು. ನೋವಿನಲ್ಲಿ ಬಂದವರ ಹತ್ತಿರ ಮುಂಗಡದ ಮಾತೇ ಎತ್ತಬೇಡಿ.

ನಾವೇ ರದ್ದು ಮಾಡಬೇಕಾಗಿ ಬಂದರೆ ಮೆಸೇಜ್ ಸಾಲದು, ಫೋನೇ ಮಾಡಬೇಕು. "ತಪ್ಪು ನಮ್ಮದು ಸರ್. ಡಾಕ್ಟರ್ ಇವತ್ತು ಬರುತ್ತಿಲ್ಲ. ಮುಂದಿನ ಖಾಲಿ ಜಾಗ ಮೊದಲು ನಿಮಗೇ." ನಂಜನಗೂಡು, ಟಿ. ನರಸೀಪುರದಿಂದ ಬಸ್ಸಿನಲ್ಲಿ ಬರುವವರಿಗೆ ಎಲ್ಲರಿಗಿಂತ ಮೊದಲು ಫೋನ್ ಹೋಗಬೇಕು. ಬಸ್ ಹತ್ತಿದ ಮೇಲೆ ಹೇಳಿ ಏನು ಪ್ರಯೋಜನ?

ಮರುತಪಾಸಣೆಯ ನೆನಪು

ಚಿಕಿತ್ಸೆ ಮುಗಿದು ಬಿಲ್ ಕಟ್ಟುವಾಗ:

"ಅಮ್ಮ, ಡಾಕ್ಟರ್ ನಿಮಗೆ ಆರು ತಿಂಗಳಿಗೊಮ್ಮೆ ತೋರಿಸಿ ಅಂದಿದ್ದಾರೆ. ಹುಳುಕು ಶುರುವಾದಾಗ ನೋವೇ ಇರುವುದಿಲ್ಲ. ನೋವು ಬರುವ ಹೊತ್ತಿಗೆ ಆಳಕ್ಕೆ ಹೋಗಿರುತ್ತದೆ. ಚಿಕ್ಕದಿದ್ದಾಗ ಸಿಮೆಂಟ್‌ನಲ್ಲಿ ಮುಗಿಯುವ ಕೆಲಸ ಆಮೇಲೆ ರೂಟ್ ಕೆನಾಲ್, ಕ್ಯಾಪ್‌ವರೆಗೆ ಹೋಗುತ್ತದೆ. ಸಮಯ ಬಂದಾಗ ವಾಟ್ಸ್ಆ್ಯಪ್‌ನಲ್ಲಿ ನೆನಪು ಮಾಡಬಹುದಾ?"

ಒಪ್ಪಿದರೆ ಮಾತ್ರ ಕಾರ್ಡಿನಲ್ಲಿ ಗುರುತು ಹಾಕಿ ಸಹಿ ತೆಗೆದುಕೊಳ್ಳಿ. ಎಲ್ಲರಿಗೂ ಆರು ತಿಂಗಳು ಅಂತಲ್ಲ. ಸಕ್ಕರೆ ಕಾಯಿಲೆ ಇದ್ದು ವಸಡಿನ ತೊಂದರೆಯೂ ಇರುವವರಿಗೆ ಡಾಕ್ಟರ್ ಸಾಮಾನ್ಯವಾಗಿ ಮೂರು ತಿಂಗಳು ಬರೆಯುತ್ತಾರೆ. ಕ್ಲಿಪ್ ಹಾಕಿಸಿದ ಮಕ್ಕಳು ತಿಂಗಳು ತಿಂಗಳು ಬರಬೇಕು, ತಪ್ಪಿಸಿದಷ್ಟೂ ಚಿಕಿತ್ಸೆ ಉದ್ದವಾಗುತ್ತದೆ. ಕಾರ್ಡಿನಲ್ಲಿ ಇರುವುದನ್ನೇ ಓದಿ ಹೇಳಿ.

ಆರು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಗೆ ಇದನ್ನೂ ಸೇರಿಸಿ: "ಹಾಲುಹಲ್ಲಿನ ಸಾಲಿನ ಹಿಂದೆ ಒಂದು ದವಡೆಹಲ್ಲು ಹೊಸದಾಗಿ ಬರುತ್ತದೆ. ಅದು ಬಿದ್ದು ಮತ್ತೆ ಬರುವ ಹಲ್ಲಲ್ಲ, ಜೀವನಪೂರ್ತಿ ಇರಬೇಕಾದದ್ದು. ದಸರಾ ರಜೆಯಲ್ಲಿ ಒಮ್ಮೆ ಕರೆದುಕೊಂಡು ಬನ್ನಿ." ಎಷ್ಟೋ ಮನೆಗಳಲ್ಲಿ ಅದನ್ನು ಹಾಲುಹಲ್ಲು ಅಂದುಕೊಂಡು ಸುಮ್ನೆ ಬಿಟ್ಟಿರುತ್ತಾರೆ. ನನಗೆ ತುಂಬ ಸಂಕಟ ಆಗುವುದು ಇದೊಂದಕ್ಕೆ.

ಕಳಿಸುವ ಮೆಸೇಜ್ ಹೀಗಿರಲಿ:

"ನಮಸ್ಕಾರ. ಕುವೆಂಪುನಗರದ ಡೆಂಟಲ್ ಕ್ಲಿನಿಕ್‌ನಿಂದ. ನೀವು ತಪಾಸಣೆಗೆ ಬರುವ ಸಮಯವಾಗಿದೆ. ದಿನ ಗೊತ್ತುಮಾಡಲು 1 ಅಂತ, ಮುಂದಿನ ತಿಂಗಳು ನೆನಪಿಸಲು 2 ಅಂತ, ಈ ಮೆಸೇಜ್ ಬೇಡವಾದರೆ 3 ಅಂತ ಕಳಿಸಿ. ನಾವು ಓಟಿಪಿ ಕೇಳುವುದಿಲ್ಲ, ಹಣ ಕಳಿಸಲು ಲಿಂಕ್ ಕೊಡುವುದಿಲ್ಲ."

ಎರಡು ವಾರ ಉತ್ತರ ಬಾರದಿದ್ದರೆ ಒಂದು ಫೋನ್. ಬೆಳಿಗ್ಗೆ 11ರಿಂದ 1, ಸಂಜೆ 5ರಿಂದ 7, ಬೇರೆ ಹೊತ್ತಿನಲ್ಲಿ ಬೇಡ.

"ನಮಸ್ಕಾರ ಸರ್, ಡೆಂಟಲ್ ಕ್ಲಿನಿಕ್‌ನಿಂದ ಮಾತಾಡುತ್ತಿದ್ದೇನೆ. ಎರಡು ನಿಮಿಷ ಬಿಡುವಿದೆಯಾ? ನೀವು ಬಂದು ಆರು ತಿಂಗಳಾಯಿತು. ತಪಾಸಣೆಗೆ ಒಂದು ದಿನ ಗೊತ್ತುಮಾಡಲಾ?"

"ಏನೂ ನೋವಿಲ್ಲ, ಯಾಕೆ ಬರಬೇಕು?" ಅಂದರೆ: "ನೋವಿಲ್ಲದಿರುವುದು ಸಂತೋಷ ಸರ್. ಹಾಗೇ ಇರಲಿ ಅಂತಲೇ ಕರೆಯುತ್ತಿದ್ದೇವೆ. ತಪಾಸಣೆಗೆ 200 ರೂಪಾಯಿ. ಕ್ಲೀನಿಂಗ್ ಬೇಕಾ ಬೇಡವಾ ಅಂತ ನೋಡಿದ ಮೇಲೆ ಹೇಳುತ್ತಾರೆ, ಮಾಡಿಸಲೇಬೇಕು ಅಂತಿಲ್ಲ."

ಮನೆಯಲ್ಲಿ ಬೇರೆಯವರು ಫೋನ್ ಎತ್ತಿದರೆ ಯಾವ ಚಿಕಿತ್ಸೆ, ಎಷ್ಟು ಬಾಕಿ ಅಂತ ಬಾಯಿ ಬಿಡಬೇಡಿ, ಗಂಡ ಹೆಂಡತಿ ಆದರೂ ಸರಿ. "ಕ್ಲಿನಿಕ್‌ನಿಂದ ಫೋನ್ ಬಂದಿತ್ತು ಅಂತ ಹೇಳಿ" ಅಂದರೆ ಸಾಕು.

ಬೇಡ ಅಂದವರಿಗೆ: "ಆಯಿತು ಸರ್, ಈಗಲೇ ನಿಲ್ಲಿಸುತ್ತೇನೆ. ಯಾವಾಗ ಬೇಕಾದರೂ ನೀವೇ ಫೋನ್ ಮಾಡಿ." ಫೋನ್ ಇಟ್ಟ ಕೂಡಲೇ ಪಟ್ಟಿಯಿಂದ ಹೆಸರು ತೆಗೆಯಿರಿ, ನಾಳೆಗೆ ಬಿಡಬೇಡಿ.