ನಮ್ಮ ಮೊಮ್ಮಗಳ ನಾಮಕರಣದ ಕರೆಯೋಲೆ

॥ ಶ್ರೀ ಗಣೇಶಾಯ ನಮಃ ॥
॥ ಶಾಂತಳ್ಳಿ ಶ್ರೀ ಕುಮಾರಲಿಂಗೇಶ್ವರ ಸ್ವಾಮಿ ಪ್ರಸನ್ನ ॥

ನಾಮಕರಣ ಮತ್ತು ತೊಟ್ಟಿಲು ಶಾಸ್ತ್ರದ ಆಮಂತ್ರಣ

ಬಂಧು ಬಳಗದವರಿಗೆ, ಅಕ್ಕಪಕ್ಕದ ಮನೆಯವರಿಗೆ, ಮಕ್ಕಳ ಸ್ನೇಹಿತರಿಗೆ, ಶಾಂತಳ್ಳಿ ಬಸವರಾಜು ಮತ್ತು ಗಿರಿಜಮ್ಮ ಮಾಡುವ ನಮಸ್ಕಾರಗಳು.

ದೇವರ ದಯೆಯಿಂದ, ಹಿರಿಯರ ಆಶೀರ್ವಾದದಿಂದ, ನಮ್ಮ ಮಗ ಚಿ. ಪ್ರಮೋದ್ ಮತ್ತು ಸೊಸೆ ಸೌ. ಚೈತ್ರಾ ಅವರಿಗೆ ಇದೇ 2026ರ ಜನವರಿಯಲ್ಲಿ ಹೆಣ್ಣುಮಗು ಹುಟ್ಟಿದೆ. ತಾಯಿ ಮಗು ಇಬ್ಬರೂ ಕ್ಷೇಮ. ಬಾಣಂತನ ಅರಕಲಗೂಡಿನ ತವರುಮನೆಯಲ್ಲಿ ಚೆನ್ನಾಗಿ ಆಗಿದೆ. ಈಗ ಮಗು ತನ್ನ ಮನೆಗೆ ಬರುತ್ತಿದೆ. ಬರುವ ದಿನವೇ ಹೆಸರಿಡಬೇಕು, ತೊಟ್ಟಿಲಿಗೆ ಹಾಕಬೇಕು ಎಂದು ಎರಡೂ ಮನೆಯ ಹಿರಿಯರು ಸೇರಿ ನಿಶ್ಚಯ ಮಾಡಿದ್ದೇವೆ.

ಸ್ವಸ್ತಿ ಶ್ರೀ ಪರಾಭವ ನಾಮ ಸಂವತ್ಸರದ ಉತ್ತರಾಯಣ, ವಸಂತ ಋತು, ವೈಶಾಖ ಮಾಸ, ಶುಕ್ಲ ಪಕ್ಷದ ದಶಮಿ,
ದಿನಾಂಕ 26-04-2026, ಭಾನುವಾರ,
ಬೆಳಗ್ಗೆ 10.15ರಿಂದ 11.00 ಗಂಟೆಯೊಳಗೆ ಸಲ್ಲುವ ಮಿಥುನ ಲಗ್ನದ ಶುಭ ಮುಹೂರ್ತದಲ್ಲಿ,
ಕೊಡಗು ಜಿಲ್ಲೆ, ಸೋಮವಾರಪೇಟೆ ತಾಲ್ಲೂಕು, ಶಾಂತಳ್ಳಿಯ ನಮ್ಮ ಸ್ವಗೃಹದಲ್ಲಿ

ಮಗುವಿನ ನಾಮಕರಣ ನಡೆಯಲಿದೆ. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಬಂದು, ಮಗುವನ್ನು ಹರಸಿ, ನಮ್ಮ ಆತಿಥ್ಯ ಸ್ವೀಕರಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಇಷ್ಟು ಬರೆದರೆ ಕರೆಯೋಲೆ ಮುಗಿಯಿತು. ಆದರೆ ಮಗುವಿನ ಅಪ್ಪ ಅಮ್ಮ ತಮ್ಮ ಮನಸ್ಸಿನಲ್ಲಿದ್ದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ನಮ್ಮ ಕೈಗೆ ಕೊಟ್ಟಿದ್ದಾರೆ. ಹಿರಿಯರು ಕರೆಯುವ ರೀತಿಯಲ್ಲೇ ಕನ್ನಡದಲ್ಲಿ ಹೋಗಲಿ ಎನ್ನುವುದು ಅವರ ಆಸೆ. ಅದರಲ್ಲಿ ಒಂದು ಮಾತನ್ನೂ ಬಿಡಲು ನಮಗೆ ಮನಸ್ಸಾಗಲಿಲ್ಲ. ಹಾಗಾಗಿ ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಅಂದಿನ ಕಾರ್ಯ ಹೀಗೆ. ಬೆಳಗ್ಗೆ ಎಂಟು ಗಂಟೆಗೆಲ್ಲ ತವರಿನವರು ಮಗುವನ್ನು ಕರೆದುಕೊಂಡು ಬರುತ್ತಾರೆ. ಮೊದಲು ಸ್ವಾಮಿಯ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸುವುದು. ಆಮೇಲೆ ಮನೆಗೆ. ಹೊಸ್ತಿಲಲ್ಲಿ ಆರತಿ ಎತ್ತಿ, ದೃಷ್ಟಿ ತೆಗೆದು, ತಾಯಿ ಮಗುವನ್ನು ಒಳಗೆ ಕರೆದುಕೊಳ್ಳುತ್ತೇವೆ. ಹುಟ್ಟಿದ ಮೇಲೆ ಮಗು ತನ್ನ ಅಪ್ಪನ ಮನೆಯ ಹೊಸ್ತಿಲು ದಾಟುವುದು ಅವತ್ತೇ ಮೊದಲು. ಹತ್ತಿರದವರು ಆ ಹೊತ್ತಿಗೇ ಬಂದಿದ್ದರೆ ನಮಗೆ ತುಂಬಾ ಸಂತೋಷ.

ಪೂಜೆ ಮುಗಿದ ಮೇಲೆ ಚೈತ್ರಾಳಿಗೆ ಮಡಿಲು ತುಂಬುವುದು. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ, ಬಳೆ, ರವಿಕೆ ಕಣ, ಎಲ್ಲವನ್ನೂ ಮನೆಯಲ್ಲೇ ಜೋಡಿಸಿಟ್ಟಿರುತ್ತೇವೆ. ಯಾರೂ ತರುವ ತೊಂದರೆ ತೆಗೆದುಕೊಳ್ಳಬೇಡಿ.

ಮಗುವನ್ನು ಹಾಕುವ ತೊಟ್ಟಿಲು ನಮ್ಮ ಮನೆಯ ಹಳೆಯ ಬೀಟೆ ಮರದ್ದು. ಪ್ರಮೋದನೂ ಅವನ ಅಕ್ಕ ಸುಮಾಳೂ ಮಲಗಿದ್ದು ಅದರಲ್ಲೇ. ಅವರಿಗಿಂತ ಮೊದಲು ಬಸವರಾಜು ಮತ್ತು ಅವರ ತಮ್ಮಂದಿರು ಮಲಗಿದ್ದರು. ಬೀಗರು ಹೊಸ ತೊಟ್ಟಿಲು ಕೊಡುತ್ತೇವೆ ಎಂದು ತುಂಬಾ ಪ್ರೀತಿಯಿಂದ ಹೇಳಿದರು. ತೊಟ್ಟಿಲು ಕೊಡುವುದು ತವರಿನ ಹಕ್ಕು, ಅಲ್ವಾ? ಅದನ್ನು ನಾವು ಬೇಡ ಎನ್ನುವುದು ಸರಿಯಲ್ಲ. ಹಾಗಾಗಿ ತೊಟ್ಟಿಲು ಇಲ್ಲಿಯದು, ಅದರ ಹಗ್ಗ, ಹಾಸಿಗೆ, ಮೇಲೆ ಕಟ್ಟುವ ಗಿಳಿ ಗೊಂಚಲು ಎಲ್ಲ ತವರಿನದು ಎಂದು ಮಾತಾಯಿತು. ಕೆಳಗೆ ಹಾಸುವುದಕ್ಕೆ ಎರಡೂ ಕಡೆಯ ಅಜ್ಜಿಯರು ಉಟ್ಟು ಮೆತ್ತಗಾದ ಹತ್ತಿ ಸೀರೆಗಳನ್ನು ಒಗೆದು ಮಡಚಿ ಇಟ್ಟಿದ್ದೇವೆ. ಮಗುವಿನ ಮೈಗೆ ಹೊಸ ಬಟ್ಟೆಗಿಂತ ಹಳೆಯ ಸೀರೆಯೇ ಹಿತ.

ತೊಟ್ಟಿಲಿಗೆ ಮೊದಲು ಗುಂಡುಕಲ್ಲನ್ನು ಹಾಕಿ ತೂಗುತ್ತೇವೆ. ಮಗು ಕಲ್ಲಿನ ಹಾಗೆ ಗಟ್ಟಿಮುಟ್ಟಾಗಿ ಬೆಳೆಯಲಿ ಎಂದು ಮಾಡುವ ಶಾಸ್ತ್ರ ಅದು. ನಂತರ ಹೆಂಗಸರು ಎರಡು ಕಡೆ ನಿಂತು ಮಗುವನ್ನು ತೊಟ್ಟಿಲ ಮೇಲಿಂದ ಕೊಟ್ಟು, ಕೆಳಗಿಂದ ತೆಗೆದುಕೊಂಡು, ಮೂರು ಸಲ ಸುತ್ತಿಸಿ ಮಲಗಿಸುತ್ತಾರೆ.

ಇಲ್ಲಿ ಮಕ್ಕಳಿಬ್ಬರೂ ಒಂದು ಮಾತನ್ನು ಒತ್ತಿ ಬರೆದಿದ್ದಾರೆ. ನಮ್ಮ ಮಾತೂ ಅದೇ. ಈ ಶಾಸ್ತ್ರಕ್ಕೆ ಗಂಡ ಇರುವವರು, ಇಲ್ಲದವರು ಎಂಬ ಭೇದ ನಮ್ಮ ಮನೆಯಲ್ಲಿ ಇರುವುದಿಲ್ಲ. ಮಗುವನ್ನು ಮೊದಲು ಕೈಗೆ ತೆಗೆದುಕೊಳ್ಳುವವರು ನಮ್ಮ ತಾಯಿ ಪುಟ್ಟಮ್ಮನವರು. ನಮ್ಮ ತಂದೆ ತೀರಿಕೊಂಡ ಮೇಲೆ ಎಷ್ಟೋ ಶುಭಕಾರ್ಯಗಳಲ್ಲಿ ಅವರು ತಾವಾಗಿಯೇ ಹಿಂದೆ ಉಳಿದುಬಿಡುತ್ತಿದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಈ ಮನೆಯ ಮಕ್ಕಳನ್ನೆಲ್ಲ ಎತ್ತಿ ಆಡಿಸಿ, ಎಣ್ಣೆ ನೀರು ಹಾಕಿ ಬೆಳೆಸಿದ್ದು ಅದೇ ಕೈ. ಮರಿಮಗಳನ್ನು ತೊಟ್ಟಿಲಿಗೆ ಹಾಕುವ ಕೈ ಬೇರೆ ಯಾರದ್ದಾಗಬೇಕು? ಅವರನ್ನು ಒಪ್ಪಿಸಿದ್ದೇವೆ. ಬರುವ ಎಲ್ಲ ಅಕ್ಕಂದಿರು, ಅತ್ತಿಗೆಯರು, ದೊಡ್ಡಮ್ಮ ಚಿಕ್ಕಮ್ಮಂದಿರು ಹಾಗೆಯೇ ಮುಂದೆ ಬಂದು ನಿಲ್ಲಬೇಕು. ಅರಿಸಿನ ಕುಂಕುಮ, ಹೂವು ಎಲ್ಲರಿಗೂ ಒಂದೇ. ದಯವಿಟ್ಟು ಯಾರೂ ಸಂಕೋಚದಿಂದ ಹಿಂದೆ ಕೂರಬೇಡಿ, ಯಾರನ್ನೂ ಹಿಂದೆ ಕೂರಿಸಬೇಡಿ.

ಹೆಸರು ಏನು ಎಂದು ಈಗಾಗಲೇ ಬಹಳ ಜನ ಫೋನ್ ಮಾಡಿ ಕೇಳಿದ್ದೀರಿ. ಅದನ್ನು ಅವತ್ತೇ ಕೇಳಬೇಕು. ಸೋದರತ್ತೆ ಸುಮಾ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳುವ ತನಕ ಅದು ಮನೆಯವರ ಬಾಯಲ್ಲೇ ಇರಲಿ. ಇಷ್ಟು ಮಾತ್ರ ಹೇಳಬಹುದು: ಹೆಸರು ಎರಡಿವೆ. ಒಂದು ಅಪ್ಪ ಅಮ್ಮ ಆರಿಸಿದ್ದು, ಇನ್ನೊಂದು ಮುತ್ತಜ್ಜಿ ಇಟ್ಟದ್ದು. ಪ್ರಮೋದ್ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಎರಡನ್ನೂ ಬರೆಯುತ್ತಾನೆ. ಆಮೇಲೆ ಬಂದವರೆಲ್ಲ ಒಟ್ಟಿಗೆ ಹೆಸರು ಹಿಡಿದು ಕರೆಯಬೇಕು. ಮಗುವಿಗೆ ತನ್ನ ಹೆಸರು ಮೊದಲು ಗಟ್ಟಿಯಾಗಿ ಕೇಳುವುದು ನಿಮ್ಮೆಲ್ಲರ ದನಿಯಲ್ಲಿ ಆಗಲಿ.

ಜೋಗುಳದ ವಿಷಯ. ಮೈಕ್, ಸ್ಪೀಕರ್ ಇಡುತ್ತಿಲ್ಲ. ನಮಗೆ ನಿಮ್ಮ ಬಾಯಿಂದ ಕೇಳಬೇಕು. ನಿಮ್ಮ ಅಮ್ಮ, ಅಜ್ಜಿ ಹೇಳುತ್ತಿದ್ದ ಒಂದು ಪದ ನೆನಪಿದ್ದರೆ ಸಾಕು, ಎರಡು ಸಾಲಾದರೂ ಹೇಳಿ. ರಾಗ ಸರಿ ಇದೆಯೋ ಇಲ್ಲವೋ ಎಂದು ಯೋಚನೆ ಮಾಡಬೇಡಿ. ಕೊಡವ ಭಾಷೆಯವರು, ಅರೆಭಾಷೆಯವರು, ತುಳು ಮಾತನಾಡುವವರು ನಮ್ಮ ಸ್ನೇಹಿತರಲ್ಲಿ ಇದ್ದೀರಿ. ನಿಮ್ಮ ಮಾತಿನಲ್ಲೇ ಹೇಳಿ. ಚೈತ್ರಾ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದಿದ್ದಾಳೆ. ಯಾರ ಮನೆಯ ಜೋಗುಳ ಎನ್ನುವುದನ್ನೂ ಪಕ್ಕದಲ್ಲಿ ಬರೆಯುತ್ತಾಳೆ.

ಮುಯ್ಯಿ, ಉಡುಗೊರೆ, ಚಿನ್ನ, ಬೆಳ್ಳಿ ಯಾವುದೂ ಬೇಡ. ಇದು ಬಾಯಿಮಾತಿಗೆ ಹೇಳುತ್ತಿರುವುದಲ್ಲ. ನೀವು ಹಾಕುವ ನಾಲ್ಕು ಅಕ್ಷತೆ ಕಾಳೇ ಮಗುವಿಗೆ ದೊಡ್ಡದು.

ಮಗು ಇನ್ನೂ ಎಳೆಯದು. ನೆಗಡಿ, ಕೆಮ್ಮು, ಜ್ವರ ಇರುವವರು ದೂರದಿಂದಲೇ ಹರಸಿ. ಎತ್ತಿಕೊಳ್ಳುವ ಮುಂಚೆ ಕೈ ತೊಳೆದುಕೊಳ್ಳಿ, ಜಗಲಿಯ ಪಕ್ಕದಲ್ಲೇ ನೀರು, ಸೋಪು ಇಟ್ಟಿರುತ್ತೇವೆ. ಮಗು ನಿದ್ದೆ ಬಂದು ಅತ್ತರೆ ಒಳಗೆ ಕರೆದುಕೊಂಡು ಹೋಗುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ಫೋಟೋ ಎಷ್ಟು ಬೇಕಾದರೂ ತೆಗೆಯಿರಿ. ಆದರೆ ಮಗುವಿನ ಮುಖ ಕಾಣುವ ಫೋಟೋವನ್ನು ಸ್ಟೇಟಸ್‌ಗೆ, ಫೇಸ್‌ಬುಕ್‌ಗೆ ಹಾಕಬೇಡಿ ಎಂದು ಅಪ್ಪ ಅಮ್ಮ ಕೇಳಿಕೊಂಡಿದ್ದಾರೆ. ಎಳೆ ಮಗುವಿಗೆ ಜಾಸ್ತಿ ಕಣ್ಣು ಬೀಳಬಾರದು ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರು.

ಬೆಳಗ್ಗೆ ತಿಂಡಿಗೆ ಅಕ್ಕಿರೊಟ್ಟಿ, ಕಡುಬು, ಕಾಯಿಚಟ್ನಿ. ಕಾಫಿ ನಮ್ಮ ತೋಟದ್ದು. ಹಾಲಿನದೂ ಇರುತ್ತದೆ, ಬೆಲ್ಲದ ಕರಿ ಕಾಫಿಯೂ ಇರುತ್ತದೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಬಾಳೆ ಎಲೆ ಊಟ. ಎಳೆ ಹಲಸಿನಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಕಾಯಿ ಒಬ್ಬಟ್ಟು, ಗಸಗಸೆ ಪಾಯಸ ಮಾಡಿಸುತ್ತಿದ್ದೇವೆ. ಎಲ್ಲರೂ ಪಂಕ್ತಿಯಲ್ಲಿ ಕೂತು ನಿಧಾನವಾಗಿ ಊಟ ಮಾಡಬೇಕು. ಕೆಳಗೆ ಕೂರಲು ಆಗದವರಿಗೆ ಟೇಬಲ್ ಹಾಕಿಸಿದ್ದೇವೆ.

ದೂರದಿಂದ ಬರುವವರಿಗೆ ದಾರಿ: ಬೆಂಗಳೂರು, ಮೈಸೂರು ಕಡೆಯವರು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಸೋಮವಾರಪೇಟೆಗೆ ಬನ್ನಿ. ಹಾಸನ, ಅರಕಲಗೂಡು ಕಡೆಯವರಿಗೆ ಕೊಡ್ಲಿಪೇಟೆ, ಶನಿವಾರಸಂತೆ ದಾರಿ ಹತ್ತಿರ. ಮಂಗಳೂರು, ಸುಳ್ಯದಿಂದ ಬರುವವರು ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಮಾದಾಪುರದ ಮೇಲೆ ಬರಬಹುದು. ಕೊಡಗಿಗೆ ರೈಲಿಲ್ಲ. ರೈಲಿನಲ್ಲಿ ಬರುವವರು ಮೈಸೂರಿನಲ್ಲೋ ಹಾಸನದಲ್ಲೋ ಇಳಿದು ಬಸ್ ಹಿಡಿಯಿರಿ. ಸೋಮವಾರಪೇಟೆಯಿಂದ ಶಾಂತಳ್ಳಿ ರಸ್ತೆಗೆ ಭಾನುವಾರ ಬಸ್ ಕಡಿಮೆ. ಅದಕ್ಕೇ ಅಂದು ಬೆಳಗ್ಗೆ ಏಳರಿಂದ ಹತ್ತರ ತನಕ ಸೋಮವಾರಪೇಟೆ ಬಸ್ ನಿಲ್ದಾಣದ ಹತ್ತಿರ ನಮ್ಮ ಎರಡು ಜೀಪು ಇರುತ್ತವೆ. ಮುಂದೆ ಮಾವಿನ ತೋರಣ ಕಟ್ಟಿರುತ್ತೇವೆ, ಗುರುತು ಸಿಗುತ್ತದೆ. ಸೋಮವಾರಪೇಟೆ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನಂಬಬೇಡಿ. ಅಲ್ಲಿಂದಲೇ ಒಂದು ಫೋನ್ ಮಾಡಿ ಹೊರಡಿ.

ಏಪ್ರಿಲ್ ಕೊನೆಯಲ್ಲಿ ನಮ್ಮ ಕಡೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ಅಂಗಳಕ್ಕೆ ಚಪ್ಪರದ ಮೇಲೆ ಶೀಟ್ ಹಾಕಿಸಿದ್ದೇವೆ. ಆದರೂ ಒಂದು ಕೊಡೆ ಜೊತೆಯಲ್ಲಿರಲಿ. ಹಿಂದಿನ ರಾತ್ರಿಯೇ ಬಂದು ಉಳಿಯುವವರಿಗೆ ನಮ್ಮ ಮನೆಯಲ್ಲಿ, ಪಕ್ಕದ ತಮ್ಮನ ಮನೆಯಲ್ಲಿ ಹಾಸಿಗೆ ಸಿದ್ಧ ಇರುತ್ತದೆ. ರಾತ್ರಿ ಇನ್ನೂ ತಂಪು, ಮಕ್ಕಳಿಗೆ ಸ್ವೆಟರ್ ತನ್ನಿ. ಅದೇ ದಿನ ವಾಪಸ್ ಹೋಗುವವರು ಕತ್ತಲಾಗುವ ಮೊದಲು ಹೊರಡಿ, ತಿರುವು ಜಾಸ್ತಿ ಇರುವ ರಸ್ತೆ.

ಒಬ್ಬೊಬ್ಬರ ಮನೆಗೂ ಬಂದು, ಕುಂಕುಮ ಕೊಟ್ಟು ಕರೆಯುವುದು ನಮ್ಮ ಪದ್ಧತಿ. ಹತ್ತಿರದವರ ಮನೆಗೆ ಖಂಡಿತ ಬರುತ್ತೇವೆ. ದೂರದ ಊರಿನವರ ಮನೆಗೆ ಬರಲು ಈ ಸಲ ಆಗುತ್ತಿಲ್ಲ. ಈ ಪತ್ರವನ್ನೇ ನಾವು ಬಾಗಿಲಿಗೆ ಬಂದು ಕರೆದದ್ದು ಎಂದು ತಿಳಿದು, ತಪ್ಪದೆ ಬರಬೇಕು. ಎಷ್ಟು ಜನ ಬರುತ್ತೀರಿ ಎಂದು ಏಪ್ರಿಲ್ 20ರ ಒಳಗೆ, ಈ ಪತ್ರ ಬಂದ ವಾಟ್ಸಾಪ್ ನಂಬರಿಗೇ ತಿಳಿಸಿದರೆ ಅಡುಗೆಯವರಿಗೆ ಅನುಕೂಲ. ತಿಳಿಸುವುದು ಮರೆತರೂ ಸುಮ್ನೆ ಹೊರಟು ಬಂದುಬಿಡಿ. ಎಲೆ ಹಾಕಿಯೇ ಇರುತ್ತೇವೆ.

ಇಂತಿ ತಮ್ಮ ಆಗಮನಾಭಿಲಾಷಿಗಳು,

ಶ್ರೀಮತಿ ಗಿರಿಜಮ್ಮ ಮತ್ತು ಶ್ರೀ ಬಸವರಾಜು
ಶಾಂತಳ್ಳಿ, ಸೋಮವಾರಪೇಟೆ ತಾಲ್ಲೂಕು, ಕೊಡಗು

ಶ್ರೀಮತಿ ಸರೋಜಮ್ಮ ಮತ್ತು ಶ್ರೀ ನಾಗರಾಜು
ಅರಕಲಗೂಡು, ಹಾಸನ ಜಿಲ್ಲೆ

ಆಶೀರ್ವದಿಸುವವರು: ಮುತ್ತಜ್ಜಿ ಶ್ರೀಮತಿ ಪುಟ್ಟಮ್ಮನವರು

ಸುಖಾಗಮನ ಬಯಸುವವರು: ಮಗುವಿನ ತಂದೆ ತಾಯಿ ಪ್ರಮೋದ್, ಚೈತ್ರಾ, ಸೋದರತ್ತೆ ಸುಮಾ, ಸೋದರಮಾವ ಕಿರಣ್, ಹಾಗೂ ಎರಡೂ ಮನೆಯ ಬಂಧು ಮಿತ್ರರು